ಪಾತ್-ಗೋಲ್ ಕೇಸ್ ಪ್ರಶ್ನೆ: ನಾಲ್ಕು ಶೈಲಿಗಳಲ್ಲಿ ಯಾವುದು, ಏಕೆ?

ನೌಕರನಿಗೆ ಗುರಿಯ ದಾರಿ ತೋರುವುದೇ ನಾಯಕನ ಕೆಲಸ ಎನ್ನುವ ಪಾತ್-ಗೋಲ್ ನಾಯಕತ್ವ ಸಿದ್ಧಾಂತದ ಕೇಸ್ ಪ್ರಶ್ನೆಯಲ್ಲಿ 'ಕೆಲಸ ಅಸ್ಪಷ್ಟವಾಗಿದೆ' ಎಂಬ ಮಾತು ಕಂಡ ಕೂಡಲೇ ಡೈರೆಕ್ಟಿವ್ ಎಂದು ಬರೆದುಬಿಡುವ ರೂಢಿ ಎಂಬಿಎ, ಎಂ.ಕಾಂ ಮತ್ತು ನೆಟ್ ಅಭ್ಯರ್ಥಿಗಳಲ್ಲಿ ಬಲವಾಗಿದೆ. ಕೆಲವೊಮ್ಮೆ ಅದು ಸರಿಹೋಗುತ್ತದೆ, ಕೆಲವೊಮ್ಮೆ ಕೈಕೊಡುತ್ತದೆ. ಕೈಕೊಡುವುದು ಏಕೆಂದರೆ, ಅಸ್ಪಷ್ಟ ಕೆಲಸ ಎಂಬ ಸುಳಿವು ನಾಲ್ಕು ಶೈಲಿಗಳ ಪೈಕಿ ಮೂರಕ್ಕೆ ಹೊಂದುತ್ತದೆ. ಡೈರೆಕ್ಟಿವ್ ಅಂದರೆ ನಿರ್ದೇಶಕ ಶೈಲಿ, ಸಹಭಾಗಿ ಶೈಲಿ, ಸಾಧನಾ ಶೈಲಿ ಮೂರೂ ಅಸ್ಪಷ್ಟ ಕೆಲಸದಲ್ಲೇ ಅರಳುತ್ತವೆ. ಬೆಂಬಲ ಶೈಲಿಯೊಂದೇ ಸ್ಪಷ್ಟವಾದ, ಆದರೆ ಬೇಸರದ ಅಥವಾ ಒತ್ತಡದ ಕೆಲಸದ ಕಡೆಗೆ ವಾಲುತ್ತದೆ. ಆದ್ದರಿಂದ ಕೆಲಸದ ವಿವರಣೆ ಬೆಂಬಲ ಶೈಲಿಯನ್ನು ಉಳಿದ ಮೂರರಿಂದ ಬೇರ್ಪಡಿಸುತ್ತದೆ, ಅಷ್ಟೇ. ಆ ಮೂರರೊಳಗೆ ಯಾವುದು ಎಂಬುದನ್ನು ಹೇಳುವುದು ನೌಕರನ ವಿವರಣೆ.

ಸಿದ್ಧಾಂತದ ಬೇರು ಇಲ್ಲಿ ನೆರವಾಗುತ್ತದೆ. ಮಾರ್ಟಿನ್ ಇವಾನ್ಸ್ 1970ರಲ್ಲಿ ಬರೆದ ವಿಚಾರವನ್ನು ಮುಂದುವರಿಸಿ ರಾಬರ್ಟ್ ಹೌಸ್ 1971ರಲ್ಲಿ ಇದಕ್ಕೆ ಸಿದ್ಧಾಂತದ ರೂಪ ಕೊಟ್ಟರು. ನಾವು ಓದುವ ನಾಲ್ಕು ಶೈಲಿಗಳ ಪಟ್ಟಿ ಬಂದದ್ದು ಹೌಸ್ ಮತ್ತು ಟೆರೆನ್ಸ್ ಮಿಚೆಲ್ ಸೇರಿ 1974ರಲ್ಲಿ ಬರೆದ ಲೇಖನದಲ್ಲಿ. ಇದೆಲ್ಲಕ್ಕೂ ಅಡಿಪಾಯ ವಿಕ್ಟರ್ ವ್ರೂಮ್ ಅವರ 1964ರ ನಿರೀಕ್ಷಾ ಸಿದ್ಧಾಂತ, ಅಂದರೆ ಎಕ್ಸ್‌ಪೆಕ್ಟೆನ್ಸಿ ಥಿಯರಿ. 'ಶ್ರಮಪಟ್ಟರೆ ಕೆಲಸ ಆಗುತ್ತದೆಯೇ? ಕೆಲಸ ಆದರೆ ಏನಾದರೂ ಸಿಗುತ್ತದೆಯೇ? ಸಿಗುವುದು ನನಗೆ ಬೇಕಾದದ್ದೇ?' ಈ ಮೂರು ಪ್ರಶ್ನೆಗೂ ನೌಕರನ ಮನಸ್ಸಿನಲ್ಲಿ ಹೌದು ಎಂಬ ಉತ್ತರ ಇರಬೇಕು. ಎಲ್ಲಿ ಇಲ್ಲ ಎಂಬ ಉತ್ತರವಿದೆಯೋ ಅಲ್ಲಿ ದಾರಿ ಕಡಿದಿದೆ. ನಾಯಕನ ಕೆಲಸ ಆ ಕಡಿದ ಜಾಗವನ್ನು ತುಂಬುವುದು. ಸಂಸ್ಥೆಯೋ ಕೆಲಸವೋ ಈಗಾಗಲೇ ಕೊಟ್ಟಿರುವುದನ್ನು ನಾಯಕ ಮತ್ತೆ ಕೊಟ್ಟರೆ ಅದು ವ್ಯರ್ಥ. ಎಷ್ಟೋ ಸಲ ಕಿರಿಕಿರಿಯೂ ಹೌದು.

ಈ ಒಂದೇ ಮಾತನ್ನು ಹಿಡಿದುಕೊಂಡರೆ ನಾಲ್ಕು ಶೈಲಿಗಳನ್ನು ಬಾಯಿಪಾಠ ಮಾಡಬೇಕಾದ ಅಗತ್ಯ ಬಹುಮಟ್ಟಿಗೆ ತಪ್ಪುತ್ತದೆ.

| ಶೈಲಿ | ಏನು ಇಲ್ಲದಾಗ ಬೇಕು | ಯಾವಾಗ ವ್ಯರ್ಥ |
|---|---|---|
| ನಿರ್ದೇಶಕ | ದಾರಿ ಕಾಣುತ್ತಿಲ್ಲ, ಯಾರಾದರೂ ತೋರಿಸಲಿ ಎಂದು ನೌಕರ ಕಾಯುತ್ತಿದ್ದಾನೆ | ನಿಯಮ ಬರೆದಿಟ್ಟಿದೆ, ನೌಕರನಿಗೆ ಕೆಲಸ ಕರಗತ |
| ಬೆಂಬಲ | ದಾರಿ ಕಾಣುತ್ತದೆ, ನಡೆಯುವುದೇ ಸಾಕುಸಾಕಾಗಿದೆ | ಕೆಲಸವೇ ಖುಷಿ ಕೊಡುತ್ತಿದೆ |
| ಸಹಭಾಗಿ | ದಾರಿ ಇನ್ನೂ ಹಾಕಬೇಕಿದೆ, ಹಾಕುವಾಗ ತಾನೂ ಇರಬೇಕೆಂಬ ಹಂಬಲ ನೌಕರನಿಗಿದೆ | ಕೆಲಸ ಸ್ಪಷ್ಟ, ನೌಕರನಿಗೆ ಅಪ್ಪಣೆಯೇ ಇಷ್ಟ |
| ಸಾಧನಾ | ಶಕ್ತಿ ಇದೆ, ಗುರಿ ತೀರಾ ಹತ್ತಿರದಲ್ಲಿದೆ | ಕೆಲಸ ದಿನವೂ ಒಂದೇ ಬಗೆಯದು |

ಕೋಷ್ಟಕದ ಮೂರನೇ ಕಾಲಮ್ಮನ್ನು ಹೆಚ್ಚಿನ ನೋಟ್ಸ್‌ಗಳು ಬಿಟ್ಟುಬಿಡುತ್ತವೆ. ಬಹುಆಯ್ಕೆ ಪ್ರಶ್ನೆಯಲ್ಲಿ ತಪ್ಪು ಉತ್ತರಗಳನ್ನು ಹೊಡೆದುಹಾಕಲು ಅದೇ ಹೆಚ್ಚು ಉಪಯೋಗಕ್ಕೆ ಬರುವುದು.

ಒಂದು ಕೇಸ್, ನಾಲ್ವರು ನೌಕರರು

ಪರೀಕ್ಷೆಯಲ್ಲಿ ಬರುವ ಮಾದರಿಯಲ್ಲೇ ಒಂದು ಕಲ್ಪಿತ ಪ್ರಶ್ನೆ:

*ಒಂದು ಹಾಲಿನ ಡೇರಿಗೆ ಹೊಸ ಮ್ಯಾನೇಜರ್ ಬಂದಿದ್ದಾರೆ. ಪ್ಯಾಕಿಂಗ್ ಲೈನಿನಲ್ಲಿ ರಾಜಮ್ಮ ಒಂಬತ್ತು ವರ್ಷಗಳಿಂದ ಇದ್ದಾರೆ. ಯಂತ್ರದ ವೇಗ, ಪ್ಯಾಕೆಟ್ಟಿನ ತೂಕ, ಕ್ರೇಟ್ ಜೋಡಿಸುವ ಕ್ರಮ ಎಲ್ಲವೂ ಗೋಡೆಯ ಮೇಲೆ ಬರೆದು ಅಂಟಿಸಿದೆ. ಶಿಫ್ಟ್ ಬದಲಾದ ಮೇಲೆ ಜೊತೆಯವರು ಬೇರೆಯಾಗಿದ್ದಾರೆ, ರಾಜಮ್ಮನ ರಜೆಗಳು ಹೆಚ್ಚಾಗಿವೆ. ಹಾಲು ಸಂಗ್ರಹಣೆಗೆ ಎರಡು ವಾರದ ಹಿಂದೆ ಸೇರಿದ ಇಮ್ರಾನ್‌ಗೆ ಹೊಸ ಹಳ್ಳಿಗಳ ರೂಟ್ ಕೊಟ್ಟಿದ್ದಾರೆ. ಯಾವ ಕೇಂದ್ರಕ್ಕೆ ಮೊದಲು ಹೋಗಬೇಕು, ಹಾಲು ಕೆಟ್ಟಿದ್ದರೆ ಯಾರಿಗೆ ತಿಳಿಸಬೇಕು ಎಂಬುದು ಎಲ್ಲೂ ಬರೆದಿಲ್ಲ. 'ನೀವು ಹೇಳಿದಂಗೆ ಮಾಡ್ತೀನಿ ಸರ್, ಮೇಲಿನವರು ಮನಸ್ಸು ಮಾಡಿದರೆ ಎಲ್ಲಾ ಆಗ್ತದೆ' ಎನ್ನುವುದು ಆತನ ಮಾತು. ಲ್ಯಾಬಿನ ಸುಧಾ ಒಂದು ಹೊಸ ಸುವಾಸಿತ ಹಾಲನ್ನು ರೂಪಿಸಬೇಕು. ಯಾವ ರುಚಿ, ಎಷ್ಟು ಸಕ್ಕರೆ, ಯಾರಿಗಾಗಿ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹಿಂದಿನ ಮ್ಯಾನೇಜರ್ ತಮ್ಮನ್ನು ಕೇಳದೆ ರುಚಿ ನಿಗದಿ ಮಾಡಿದ್ದರೆಂದು ಅವರಿಗೆ ಬೇಸರವಿದೆ. 'ಪ್ರಾಡಕ್ಟ್ ಗೆದ್ದರೂ ಸೋತರೂ ಅದು ನಾನು ಪಟ್ಟ ಶ್ರಮದ ಮೇಲಿದೆ' ಎನ್ನುತ್ತಾರೆ. ಮಾರಾಟದ ಮಂಜುನಾಥ್ ಸತತ ಮೂರು ತ್ರೈಮಾಸಿಕದ ಗುರಿಯನ್ನು ಅವಧಿಗೆ ಮೊದಲೇ ಮುಗಿಸಿದ್ದಾರೆ. ಕಂಪನಿ ಇದುವರೆಗೆ ಕಾಲಿಡದ ಜಿಲ್ಲೆಗಳಲ್ಲಿ ಮಾರುಕಟ್ಟೆ ಕಟ್ಟುವ ಹೊಣೆ ಈಗ ಅವರದು. ಯಾರಿಗೆ ಯಾವ ಶೈಲಿ?*

ಮೊದಲು ಕೆಲಸವನ್ನು ಮಾತ್ರ ನೋಡಿ, ಮನುಷ್ಯರನ್ನು ಸದ್ಯಕ್ಕೆ ಪಕ್ಕಕ್ಕಿಡಿ. ರಾಜಮ್ಮನ ಕೆಲಸ ಸ್ಪಷ್ಟ, ನಿತ್ಯವೂ ಒಂದೇ. ಉಳಿದ ಮೂವರ ಕೆಲಸಕ್ಕೂ ಸಿದ್ಧ ದಾರಿಯಿಲ್ಲ. ಅಲ್ಲಿಗೆ ರಾಜಮ್ಮ ಬೇರೆಯಾದರು. ಗೋಡೆಯ ಮೇಲಿರುವ ಸೂಚನೆಯನ್ನೇ ಮ್ಯಾನೇಜರ್ ಬಾಯಲ್ಲಿ ಮತ್ತೆ ಹೇಳಿದರೆ ದಾರಿ ಇನ್ನಷ್ಟು ಸ್ಪಷ್ಟವಾಗುವುದಿಲ್ಲ, ಕಾವಲು ಕಾಯುತ್ತಿದ್ದಾರೆ ಎಂಬ ಭಾವನೆ ಬರುತ್ತದೆ. ಆಕೆಯ ಮೂರು ಪ್ರಶ್ನೆಗಳಲ್ಲಿ ಕಡಿದಿರುವುದು ಮೊದಲನೆಯದಲ್ಲ. ಕೆಲಸದಿಂದ ಸಿಗುತ್ತಿದ್ದ ಸಂತೋಷ, ಅಂದರೆ ಜೊತೆಗಾರರ ಒಡನಾಟ, ಹೋಗಿದೆ. ಹಾಗಾಗಿ ಬೆಂಬಲ ಶೈಲಿ. ಆದರೆ ಉತ್ತರದಲ್ಲಿ 'ಸಹಾನುಭೂತಿ ತೋರಬೇಕು' ಎಂದು ಬರೆದು ಬಿಟ್ಟರೆ ಅರ್ಧ ಉತ್ತರ. ಕ್ಷೇಮ ವಿಚಾರಿಸುವುದು, ಎಲ್ಲರನ್ನೂ ಸಮಾನವಾಗಿ ಕಾಣುವುದು, ಶಿಫ್ಟ್ ಜೋಡಣೆಯಲ್ಲಿ ಆಕೆಯ ಅನುಕೂಲ ಕೇಳುವುದು ಎಂಬಷ್ಟು ಕೆಳಗೆ ಇಳಿಯಬೇಕು. ರಾಜಮ್ಮನಿಗೆ ಸಾಧನಾ ಶೈಲಿ ಏಕಲ್ಲ ಎಂದು ಕೇಳಿದರೂ ಉತ್ತರ ಸಿದ್ಧವಿದೆ. ಲೈನಿನ ವೇಗವನ್ನು ಯಂತ್ರ ನಿರ್ಧರಿಸುತ್ತದೆ, ದೊಡ್ಡ ಗುರಿ ಕೊಟ್ಟರೂ ಅದನ್ನು ಮುಟ್ಟುವುದು ಆಕೆಯ ಕೈಯಲ್ಲಿಲ್ಲ. ಒಂದೇ ಬಗೆಯ ಕೆಲಸದಲ್ಲಿ ಸಾಧನಾ ಶೈಲಿಯಿಂದ ಪರಿಣಾಮ ನಿರೀಕ್ಷಿಸಬಾರದು ಎಂದು 1974ರ ಲೇಖನವೇ ಹೇಳುತ್ತದೆ.

ಮಂಜುನಾಥ್ ವಿಷಯ ಸುಲಭ. ಸಾಮರ್ಥ್ಯ ಸಾಬೀತಾಗಿದೆ, ಕೆಲಸ ಹೊಸದು, ಹಳೆಯ ಗುರಿ ಹಗುರವಾಗಿದೆ. ಸಾಧನಾ ಶೈಲಿ: ಕಷ್ಟದ ಗುರಿ ಇಡುವುದು, ಅದನ್ನು ಮುಟ್ಟಬಲ್ಲರೆಂಬ ನಂಬಿಕೆಯನ್ನು ಬಾಯಿಬಿಟ್ಟು ಹೇಳುವುದು. ಎರಡನೆಯ ಭಾಗ ಮರೆತರೆ ಅದು ಟಾರ್ಗೆಟ್ ಹೇರುವುದಾಯಿತೇ ಹೊರತು ಈ ಶೈಲಿಯಲ್ಲ. 'ಶ್ರಮಪಟ್ಟರೆ ಆಗುತ್ತದೆ' ಎಂಬ ನಿರೀಕ್ಷೆಯನ್ನು ಏರಿಸುವುದು ಆ ನಂಬಿಕೆಯ ಮಾತೇ.

ಇಮ್ರಾನ್ ಮತ್ತು ಸುಧಾ: ಅಂಕ ಹೋಗುವುದು ಇಲ್ಲೇ

ಇಬ್ಬರದೂ ಅಸ್ಪಷ್ಟ ಕೆಲಸ. ಒಬ್ಬರಿಗೆ ನಿರ್ದೇಶಕ ಶೈಲಿ, ಇನ್ನೊಬ್ಬರಿಗೆ ಸಹಭಾಗಿ ಶೈಲಿ. ವ್ಯತ್ಯಾಸ ಮಾಡುವ ಸುಳಿವುಗಳು ಮೂರು. ಪ್ರಶ್ನೆ ಬರೆಯುವವರು ಅವನ್ನು ಸಾಮಾನ್ಯವಾಗಿ ನೌಕರನ ಬಾಯಿಮಾತಿನಲ್ಲೋ ಹಳೆಯ ಅನುಭವದಲ್ಲೋ ಅಡಗಿಸಿಡುತ್ತಾರೆ.

ಮೊದಲನೆಯದು ಲೋಕಸ್ ಆಫ್ ಕಂಟ್ರೋಲ್, ಜೂಲಿಯನ್ ರಾಟರ್ ಕೊಟ್ಟ ಪರಿಕಲ್ಪನೆ. ನನ್ನ ಬದುಕಿನಲ್ಲಿ ಆಗುವುದೆಲ್ಲ ನನ್ನ ಕೈಯಲ್ಲಿದೆ ಎನ್ನುವವರು ಆಂತರಿಕ ಬಗೆಯವರು. ಹಣೆಬರಹ, ಅದೃಷ್ಟ, ದೊಡ್ಡವರ ಮನಸ್ಸು ಎನ್ನುವವರು ಬಾಹ್ಯ ಬಗೆಯವರು. 'ನಾನು ಪಟ್ಟ ಶ್ರಮದ ಮೇಲಿದೆ' ಎಂಬ ಸುಧಾ ಅವರ ಮಾತು ಮೊದಲ ಬಗೆ, 'ಮೇಲಿನವರು ಮನಸ್ಸು ಮಾಡಿದರೆ' ಎಂಬ ಇಮ್ರಾನನ ಮಾತು ಎರಡನೆಯದು. ಆಂತರಿಕರಿಗೆ ಸಹಭಾಗಿ ಶೈಲಿ ಹಿತ, ಏಕೆಂದರೆ ಫಲಿತಾಂಶ ತಮ್ಮ ಕೈಯಲ್ಲಿದೆ ಎಂಬ ನಂಬಿಕೆಗೆ ಅದು ಇಂಬು ಕೊಡುತ್ತದೆ. ಬಾಹ್ಯರಿಗೆ ನಿರ್ದೇಶಕ ಶೈಲಿ ಹಿತ, ಏಕೆಂದರೆ ನಿರ್ಧಾರ ಹೊರಗಿನಿಂದ ಬರುತ್ತದೆ ಎಂಬ ಅವರ ನಿರೀಕ್ಷೆಗೆ ಅದು ಹೊಂದುತ್ತದೆ.

ಎರಡನೆಯದು ತನ್ನ ಸಾಮರ್ಥ್ಯದ ಬಗ್ಗೆ ನೌಕರನಿಗೇ ಇರುವ ಅಂದಾಜು. ಮ್ಯಾನೇಜರ್‌ಗೆ ಏನನ್ನಿಸುತ್ತದೆ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ. 'ನನಗೆ ಬರುತ್ತದೆ' ಎಂದುಕೊಂಡವರಿಗೆ ನಿರ್ದೇಶನ ಅತಿಯಾದ ಹಿಡಿತದಂತೆ ತೋರುತ್ತದೆ. ಎರಡು ವಾರದ ಇಮ್ರಾನ್‌ಗೆ ಅಂಥ ಭಾವನೆ ಇಲ್ಲ.

ಮೂರನೆಯದು ಅಧಿಕಾರದ ಬಗೆಗಿನ ಧೋರಣೆ. ಆಥಾರಿಟೇರಿಯನ್ ಸ್ವಭಾವ ಎಂದರೆ ದರ್ಪದ ಮನುಷ್ಯ ಎಂದು ಓದಿಕೊಳ್ಳುವವರಿದ್ದಾರೆ. ಈ ಸಿದ್ಧಾಂತದಲ್ಲಿ ಅದು ಅಪ್ಪಣೆ ಕೊಡುವವನ ಗುಣವಲ್ಲ, ಅಪ್ಪಣೆಯನ್ನು ಸಹಜವೆಂದು ಒಪ್ಪಿಕೊಳ್ಳುವ ನೌಕರನ ಗುಣ. ಅಂಥವರಿಗೆ ನಿರ್ದೇಶಕ ಶೈಲಿ, ಸ್ವತಂತ್ರ ಮನೋಭಾವದವರಿಗೆ ಸಹಭಾಗಿ ಶೈಲಿ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೌಸ್ ಮತ್ತು ಮಿಚೆಲ್ ಅವರ ಪ್ರಕಾರ, ನೌಕರ ಆ ಕೆಲಸದಲ್ಲಿ ತನ್ನ ಮಾನವನ್ನೇ ಪಣಕ್ಕಿಟ್ಟಷ್ಟು ತೊಡಗಿಕೊಂಡಿದ್ದು, ಕೆಲಸವೂ ಅಸ್ಪಷ್ಟವಾಗಿದ್ದರೆ, ಅವನ ಸ್ವಭಾವ ಏನೇ ಇರಲಿ ಸಹಭಾಗಿ ಶೈಲಿ ಕೆಲಸ ಮಾಡುತ್ತದೆ. ತೊಡಗಿಕೊಳ್ಳುವಿಕೆ ಇಲ್ಲದೆ ಕೆಲಸವೂ ಸ್ಪಷ್ಟವಾಗಿದ್ದಾಗ ಸ್ವಭಾವ ನಿರ್ಣಾಯಕವಾಗುತ್ತದೆ: ಸ್ವಾತಂತ್ರ್ಯ ಬಯಸುವವರು ಮಾತ್ರ ಸಹಭಾಗಿ ಶೈಲಿಗೆ ಸ್ಪಂದಿಸುತ್ತಾರೆ. ಹೊಸ ಹಾಲಿನ ರುಚಿಯಲ್ಲಿ ಸುಧಾ ಅವರ ಹೆಸರೇ ಪಣದಲ್ಲಿದೆ, ಹಿಂದಿನ ಸಲ ಕೇಳದಿದ್ದುದು ಅವರಿಗೆ ಇನ್ನೂ ಚುಚ್ಚುತ್ತಿದೆ. ಲೋಕಸ್ ಬಗೆಗಿನ ಮಾತನ್ನು ಪ್ರಶ್ನೆಯಿಂದ ತೆಗೆದುಹಾಕಿದರೂ ಅವರಿಗೆ ಸಹಭಾಗಿ ಶೈಲಿಯೇ ಉಳಿಯುತ್ತದೆ.

ಇಮ್ರಾನ್ ವಿಷಯದಲ್ಲಿ ನಿರ್ದೇಶಕ ಶೈಲಿ ಎಂದರೆ ಗದರುವುದು ಎಂದು ತಿಳಿಯಬೇಡಿ. ಕೇಂದ್ರಗಳ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಡುವುದು, ಹಾಲು ಕೆಟ್ಟಿದ್ದರೆ ಯಾರಿಗೆ ಫೋನ್ ಮಾಡಬೇಕೆಂದು ಹೇಳುವುದು, ಯಾವ ಗುಣಮಟ್ಟ ಒಪ್ಪಿಗೆ, ಯಾವುದು ತಿರಸ್ಕಾರ ಎಂದು ತಿಳಿಸುವುದು, ಎಷ್ಟು ಗಂಟೆಗೆ ಹಾಲು ಡೇರಿ ಮುಟ್ಟಬೇಕೆಂದು ಗೊತ್ತುಮಾಡುವುದು. ಇದನ್ನೆಲ್ಲ ನಗುಮುಖದಿಂದ ಮಾಡಿದರೂ ಅದು ನಿರ್ದೇಶಕ ಶೈಲಿಯೇ. ಕೇಸಿನಲ್ಲಿ 'ಕಟ್ಟುನಿಟ್ಟಿನ ಬಾಸ್' ಎಂದಿದ್ದ ಮಾತ್ರಕ್ಕೆ ಅವರು ಡೈರೆಕ್ಟಿವ್ ಆಗುವುದಿಲ್ಲ.

ಒಂದು ಸಾಲು ಬದಲಾದರೆ

ಅದೇ ಇಮ್ರಾನ್‌ಗೆ ಬೇರೊಂದು ಡೇರಿಯಲ್ಲಿ ಆರು ವರ್ಷ ಇದೇ ಕೆಲಸ ಮಾಡಿದ ಅನುಭವವಿದೆ, 'ರೂಟ್ ಹಾಕೋದು ನನಗೆ ನೀರು ಕುಡಿದಷ್ಟು ಸುಲಭ' ಎನ್ನುತ್ತಾನೆ ಎಂದುಕೊಳ್ಳಿ. ನಿಯಮ ಬರೆದಿಲ್ಲ ಎಂಬ ಸಂಗತಿ ಬದಲಾಗಿಲ್ಲ. ಆದರೂ ನಿರ್ದೇಶಕ ಶೈಲಿ ಬಿದ್ದುಹೋಗುತ್ತದೆ, ಏಕೆಂದರೆ ಹೊರಗೆ ಇಲ್ಲದ ದಾರಿ ಅವನ ತಲೆಯೊಳಗಿದೆ. ರೂಟ್ ಹಾಕುವಾಗ ಅವನನ್ನು ಕೇಳಬೇಕು.

ಅದೇ ರಾಜಮ್ಮನ ಲೈನಿಗೆ ಹೊಸ ಯಂತ್ರ ಬಂದು, ಗೋಡೆಯ ಸೂಚನೆಗಳು ಹಳೆಯದಾಗಿ, ತಪ್ಪಾದರೆ ಬ್ಯಾಚ್ ಎಸೆಯಬೇಕಾಗುತ್ತದೆ ಎಂಬ ಹೆದರಿಕೆ ಆಕೆಗಿದ್ದರೆ? ಆಗ ಕೆಲವು ವಾರ ನಿರ್ದೇಶಕ ಶೈಲಿ ಮುಖ್ಯ, ಒತ್ತಡವಿರುವುದರಿಂದ ಬೆಂಬಲವೂ ಜೊತೆಗೆ. ಒಬ್ಬರೇ ನಾಯಕ ಒಬ್ಬರೇ ನೌಕರರೊಂದಿಗೆ ಎರಡು ಶೈಲಿ ಬಳಸಬಹುದು, ಕಾಲಕ್ಕೆ ತಕ್ಕಂತೆ ಬದಲಾಯಿಸಬಹುದು. ಸಿದ್ಧಾಂತ ಅದಕ್ಕೆ ಅಡ್ಡಬರುವುದಿಲ್ಲ. ಆದರೆ 'ನಾಲ್ಕನ್ನೂ ಸೂಕ್ತವಾಗಿ ಬಳಸಬೇಕು' ಎಂಬ ಉತ್ತರಕ್ಕೆ ಅಂಕ ಬರುವುದಿಲ್ಲ, ಬರಲೂಬಾರದು.

ಸುಳಿವುಗಳು ಪರಸ್ಪರ ಎದುರಾದಾಗ ಏನು ಮಾಡುವುದು? ಉದಾಹರಣೆಗೆ, ಹಣೆಬರಹ ನಂಬುವ, ಆದರೆ ಇಪ್ಪತ್ತು ವರ್ಷ ಪಳಗಿದ ಮೆಕ್ಯಾನಿಕ್. ಲೋಕಸ್ ನಿರ್ದೇಶಕ ಎನ್ನುತ್ತದೆ, ಸಾಮರ್ಥ್ಯ ಬೇಡ ಎನ್ನುತ್ತದೆ. ಯಾವ ಗುಣಕ್ಕೆ ಎಷ್ಟು ತೂಕ ಎಂದು ಸಿದ್ಧಾಂತ ಹೇಳಿಲ್ಲ, ಅದರ ದೌರ್ಬಲ್ಯಗಳಲ್ಲಿ ಇದೂ ಒಂದು. ನಮ್ಮ ಸಲಹೆ: ಮತ್ತೆ ಕೆಲಸದ ಕಡೆಗೆ ತಿರುಗಿ. ದಿನನಿತ್ಯದ ರಿಪೇರಿಯಾದರೆ ದಾರಿ ಅವನಿಗೆ ಗೊತ್ತೇ ಇದೆ, ನಿರ್ದೇಶನ ವ್ಯರ್ಥ. ಅವನು ಕಂಡರಿಯದ ಯಂತ್ರವಾದರೆ ಹಳೆಯ ಸಾಮರ್ಥ್ಯ ಇಲ್ಲಿ ನಡೆಯುವುದಿಲ್ಲ, ನಿರ್ದೇಶನ ಬೇಕು. ಉತ್ತರದಲ್ಲಿ ಈ ಎಳೆದಾಟವನ್ನು ಒಂದು ವಾಕ್ಯದಲ್ಲಿ ಒಪ್ಪಿಕೊಂಡು ಬರೆದರೆ ಮೌಲ್ಯಮಾಪಕರಿಗೆ ನೀವು ಎರಡೂ ಸುಳಿವು ಕಂಡಿದ್ದೀರಿ ಎಂಬುದು ತಿಳಿಯುತ್ತದೆ.

ಇನ್ನೊಂದು ಗೊಂದಲ ಪಠ್ಯಗಳಿಂದಲೇ ಬರುತ್ತದೆ. ಕೆಲವು ಕೋಷ್ಟಕಗಳಲ್ಲಿ 'ಸ್ಪಷ್ಟತೆಯ ಅಗತ್ಯ' ಎಂಬುದು ಸಹಭಾಗಿ ಶೈಲಿಯ ಎದುರು ಇರುತ್ತದೆ. ಓದಿದವರಿಗೆ ಅದು ನಿರ್ದೇಶಕ ಶೈಲಿಯ ಲಕ್ಷಣವಲ್ಲವೇ ಎನ್ನಿಸುವುದು ಸಹಜ. ಚರ್ಚೆಯಲ್ಲಿ ಪಾಲ್ಗೊಂಡವರಿಗೆ ಯಾವ ದಾರಿ ಯಾವ ಗುರಿಗೆ ಹೋಗುತ್ತದೆ ಎಂಬುದು ತಾನಾಗಿ ತಿಳಿಯಾಗುತ್ತದೆ ಎಂಬುದು ಅದರ ಹಿಂದಿರುವ ವಾದ. ಆ ಒಂದೇ ಪದವನ್ನು ನಂಬಿ ಉತ್ತರ ಆರಿಸಬೇಡಿ. ಸ್ಪಷ್ಟತೆ ಬೇಕು ಎಂಬುದರ ಜೊತೆಗೆ 'ಹೇಳಿಬಿಡಿ' ಎಂಬ ಧ್ವನಿ ಇದೆಯೋ 'ನನ್ನನ್ನೂ ಕೇಳಿ' ಎಂಬ ಧ್ವನಿ ಇದೆಯೋ ನೋಡಿ.

ಬೇರೆ ಸಿದ್ಧಾಂತ ನುಸುಳಿದಾಗ

ಆಯ್ಕೆಗಳಲ್ಲಿ 'ಮ್ಯಾನೇಜರ್ ಶೈಲಿ ಬದಲಾಗದು, ಆದ್ದರಿಂದ ಅವರನ್ನು ಬೇರೆ ವಿಭಾಗಕ್ಕೆ ಹಾಕಬೇಕು' ಎಂದಿದ್ದರೆ ಅದು ಫೀಡ್ಲರ್ ಮಾತು. ಅವರ ಮಾದರಿಯಲ್ಲಿ ಶೈಲಿ ಸ್ಥಿರ, ಸನ್ನಿವೇಶವನ್ನೇ ಹೊಂದಿಸಬೇಕು. ಹೌಸ್ ಪ್ರಕಾರ ನಾಯಕ ಬದಲಾಗಬಲ್ಲ. 'ನೌಕರನ ಸಿದ್ಧತೆಯ ಮಟ್ಟ' ಎಂಬ ಪದ ಕಂಡರೆ ಅದು ಹರ್ಸಿ ಮತ್ತು ಬ್ಲಾಂಚರ್ಡ್. ಅಲ್ಲಿಯ ಟೆಲ್ಲಿಂಗ್ ಮತ್ತು ಇಲ್ಲಿಯ ಡೈರೆಕ್ಟಿವ್ ಮೇಲುನೋಟಕ್ಕೆ ಒಂದೇ, ಆದರೆ ಅಲ್ಲಿ ಕೆಲಸದ ಸ್ವರೂಪ, ನಿಯಮಗಳು, ಗುಂಪು ಇವು ಅಳತೆಗೆ ಬರುವುದಿಲ್ಲ. ರಾಜಮ್ಮನ ಕೇಸನ್ನು ಆ ಸಿದ್ಧಾಂತದಿಂದ ಬಿಡಿಸಿದರೆ, ಕೆಲಸ ಬಲ್ಲ ಆದರೆ ಮನಸ್ಸಿಲ್ಲದ ನೌಕರಳೆಂದು ಪಾರ್ಟಿಸಿಪೇಟಿಂಗ್ ಎಂಬ ಉತ್ತರ ಬರುತ್ತದೆ. ಪಾತ್-ಗೋಲ್‌ನ ಸಹಭಾಗಿ ಶೈಲಿ ಎಂದು ಅದನ್ನು ತಂದು ಇಲ್ಲಿ ಬರೆದರೆ ತಪ್ಪು.

ಪ್ರಶ್ನೆ ಕೇಳುತ್ತಿರುವುದು ತೃಪ್ತಿಯ ಬಗ್ಗೆಯೋ ಉತ್ಪಾದನೆಯ ಬಗ್ಗೆಯೋ ಎಂಬುದನ್ನೂ ಗಮನಿಸಿ. ಸ್ಪಷ್ಟ ಕೆಲಸದ ಮೇಲೆ ನಿರ್ದೇಶನ ಹೇರಿದರೆ ತೃಪ್ತಿ ಇಳಿಯುತ್ತದೆ ಎಂಬುದು ಸಿದ್ಧಾಂತದ ಖಚಿತ ಊಹೆ. ಉತ್ಪಾದನೆಯೂ ಇಳಿದೇ ಇಳಿಯುತ್ತದೆ ಎಂದು ಅಷ್ಟೇ ಖಚಿತವಾಗಿ ಹೇಳಿಲ್ಲ, ನಿಗಾ ಇದ್ದಾಗ ಮೈಗಳ್ಳತನ ಕಡಿಮೆಯಾಗಬಹುದು.

ಉತ್ತರ ಬರೆಯುವ ಅಳತೆ

ಒಬ್ಬ ನೌಕರನಿಗೆ ನಾಲ್ಕು ವಾಕ್ಯ ಸಾಕು: ಕೆಲಸ ಹೇಗಿದೆ, ನೌಕರ ಹೇಗಿದ್ದಾನೆ, ದಾರಿ ಎಲ್ಲಿ ಕಡಿದಿದೆ, ನಾಯಕ ಏನು ಮಾಡಬೇಕು. ಸುಧಾ ಅವರಿಗೆ ಹೀಗೆ ಬರೆಯಬಹುದು:

*ಹೊಸ ಪ್ರಾಡಕ್ಟಿನ ರೂಪರೇಷೆ ತೀರ್ಮಾನವಾಗಿಲ್ಲ, ಹಾಗಾಗಿ ಕೆಲಸ ಅಸ್ಪಷ್ಟ. ಫಲಿತಾಂಶ ತನ್ನ ಶ್ರಮದ ಮೇಲಿದೆ ಎನ್ನುವ ಸುಧಾ ಆಂತರಿಕ ಲೋಕಸ್ ಉಳ್ಳವರು, ಕೆಲಸದಲ್ಲಿ ಆಳವಾಗಿ ತೊಡಗಿಕೊಂಡವರು. ತನ್ನನ್ನು ಕೇಳದೆ ನಿರ್ಧಾರವಾದರೆ ಶ್ರಮಕ್ಕೂ ಫಲಕ್ಕೂ ಸಂಬಂಧವಿಲ್ಲ ಎಂದು ಅವರಿಗೆ ಅನ್ನಿಸುತ್ತದೆ, ದಾರಿ ಕಡಿಯುವುದು ಅಲ್ಲಿ. ಆದ್ದರಿಂದ ಮ್ಯಾನೇಜರ್ ಸಹಭಾಗಿ ಶೈಲಿ ಅನುಸರಿಸಿ, ರುಚಿ ಮತ್ತು ಸಕ್ಕರೆ ಪ್ರಮಾಣದ ಬಗ್ಗೆ ಅವರ ಸಲಹೆ ಪಡೆದು, ಅದನ್ನು ಪರಿಗಣಿಸಿ ನಿರ್ಧರಿಸಬೇಕು.*

ಕೊನೆಯ ವಾಕ್ಯದಲ್ಲಿ 'ಪರಿಗಣಿಸಿ ನಿರ್ಧರಿಸಬೇಕು' ಎಂದಿರುವುದನ್ನು ಗಮನಿಸಿ. ಸಹಭಾಗಿ ಶೈಲಿಯಲ್ಲಿ ನಾಯಕ ಕೇಳುತ್ತಾನೆ, ತೂಗಿ ನೋಡುತ್ತಾನೆ, ಆದರೆ ನಿರ್ಧಾರವನ್ನು ನೌಕರನ ಕೈಗೆ ಪೂರ್ತಿ ಒಪ್ಪಿಸುವುದಿಲ್ಲ. ಪೂರ್ತಿ ಒಪ್ಪಿಸುವುದು ಡೆಲಿಗೇಷನ್, ಈ ನಾಲ್ಕರಲ್ಲಿ ಅದು ಇಲ್ಲ.

ಇಷ್ಟೆಲ್ಲ ಒಬ್ಬೊಬ್ಬ ನೌಕರನ ಮಾತಾಯಿತು. ಗುಂಪಿನ ಸುಳಿವು ಬಂದಾಗ ಲೆಕ್ಕ ಸ್ವಲ್ಪ ಬೇರೆ. ಮಂಜುನಾಥ್ ತಂಡದ ಇಬ್ಬರು ಅನುಭವಿಗಳು ಯಾವ ತಾಲ್ಲೂಕು ಯಾರದೆಂದು ತಿಂಗಳಿಂದ ಕಿತ್ತಾಡುತ್ತಿದ್ದಾರೆ ಎಂದಿದ್ದರೆ, ಇಬ್ಬರೂ ಸಮರ್ಥರೆಂಬ ಕಾರಣಕ್ಕೆ ಸಹಭಾಗಿ ಎಂದು ಬರೆಯುವ ಮನಸ್ಸಾಗುತ್ತದೆ. ಆದರೆ ಕೆಲಸದ ಕುರಿತು ಗುಂಪಿನಲ್ಲಿ ಗಂಭೀರ ಜಗಳವಿರುವಾಗ ನಿರ್ದೇಶಕ ಶೈಲಿಯೇ ಹೆಚ್ಚು ತೃಪ್ತಿ ತರುತ್ತದೆ ಎಂಬುದು ಪಠ್ಯಗಳು ಕೊಡುವ ಸೂತ್ರ. ಇಬ್ಬರಿಗೂ ಮಾರುವುದು ಗೊತ್ತು, ಎಲ್ಲಿ ಮಾರಬೇಕೆಂಬುದೇ ತೀರ್ಮಾನವಾಗಿಲ್ಲ. ತಾಲ್ಲೂಕುಗಳ ಪಟ್ಟಿಯನ್ನು ಮ್ಯಾನೇಜರೇ ಹಂಚಿಕೊಡಬೇಕು.